ಓದು ಬಾರದ ಅಜ್ಜಿಗೂ ರಿಟೈರ್ಡ್ ಮೇಷ್ಟ್ರಿಗೂ ಒಂದೇ ಪ್ರಸಂಗ: ಅನುಭವ ಇದ್ದವರು ಹೇಳಿ

ಕೇಳಿದವರು: ಗಂಗಾವತಿ ಕಡೆಯ ಒಂದು ಹಳ್ಳಿಯ ಕ್ರೈಸ್ತ ಸಭೆಯಲ್ಲಿ ತಿಂಗಳಿಗೆ ಎರಡು ಭಾನುವಾರ ಪ್ರಸಂಗ ಮಾಡುತ್ತೇನೆ. 60 ಜನ ಬರುತ್ತಾರೆ. ಅರ್ಧ ಜನಕ್ಕೆ ಓದು ಬರುವುದಿಲ್ಲ. ಉಳಿದವರಲ್ಲಿ ಇಬ್ಬರು ಮೇಷ್ಟ್ರು, ನಾಲ್ಕೈದು ಕಾಲೇಜು ಮಕ್ಕಳು. ಹೇಳಿದ್ದನ್ನೇ ಹೇಳಿದರೆ ಮೇಷ್ಟ್ರು ಗಡಿಯಾರ ನೋಡುತ್ತಾರೆ, ಬೇಗ ಮುಂದೆ ಹೋದರೆ ಅಜ್ಜಿಯರು ಹಿಂದೆ ಉಳಿಯುತ್ತಾರೆ. ಮುಂದಿನ ತಿಂಗಳು ಬೈಬಲಿನ ಕೀರ್ತನೆ 107 ಕೊಟ್ಟಿದ್ದಾರೆ. ಚಿತ್ರ ಕಟ್ಟಿ, ಜನರ ಬಾಯಲ್ಲಿ ಪಲ್ಲವಿ ಹೇಳಿಸಬೇಕು ಅಂತ ಆಸೆ. ಮಾಡಿದವರು ಇದ್ದೀರಾ?

ಸಂಡೇ ಸ್ಕೂಲ್ ಟೀಚರ್: ಸುಲಭ ಬ್ರದರ್. ಎಲ್ಲವನ್ನೂ ಮೂರು ಸಲ ಹೇಳಿ. ನಮ್ಮ ಮಕ್ಕಳಿಗೆ ನಾನು ಹಾಗೇ ಮಾಡುವುದು. ವಚನ ಮೂರು ಸಲ, ಅರ್ಥ ಮೂರು ಸಲ, ಕಥೆ ಮೂರು ಸಲ. ಯಾರೂ ಮರೆಯುವುದಿಲ್ಲ.

ಬೆಂಗಳೂರಿನಿಂದ: ಚಿತ್ರಕ್ಕೆ ಈಗ ಪ್ರೊಜೆಕ್ಟರ್ ಸಸ್ತಾ ಸಿಗುತ್ತದೆ. ನಾವು ನಾಲ್ಕು ಸ್ಲೈಡ್ ಹಾಕಿ ಕೆಳಗೆ ದೊಡ್ಡ ಅಕ್ಷರದಲ್ಲಿ ವಚನ ಕೊಡುತ್ತೇವೆ. ಹಳ್ಳಿಯಲ್ಲಾದರೆ ಫ್ಲೆಕ್ಸ್ ಮಾಡಿಸಿ ಗೋಡೆಗೆ ಕಟ್ಟಿ.

ಕೇಳಿದವರು: ಅಣ್ಣ, ಅಕ್ಷರ ಎಷ್ಟು ದೊಡ್ಡದಾದರೂ ಓದಲು ಬರದವರ ಮಾತಲ್ವಾ ಇದು. ಬಾಯಲ್ಲಿ ಕಟ್ಟುವ ಚಿತ್ರದ ಬಗ್ಗೆ ಕೇಳಿದ್ದು.

ಹಳೇ ಉಪದೇಶಿ: ಮೂವತ್ತು ವರ್ಷ ಹಳ್ಳಿ ಸಭೆಗಳಲ್ಲೇ ಕಳೆದವನು ನಾನು. ಟೀಚರಮ್ಮ ಹೇಳಿದ್ದು ಅರ್ಧ ಸರಿ. ಮತ್ತೆ ಮತ್ತೆ ಹೇಳಬೇಕು, ಆದರೆ ಎಲ್ಲವನ್ನೂ ಅಲ್ಲ. ಪಲ್ಲವಿಯನ್ನು ಹತ್ತು ಸಲ ಹೇಳಿದರೂ ಮೇಷ್ಟ್ರು ಗಡಿಯಾರ ನೋಡುವುದಿಲ್ಲ, ಅವರೂ ಜೊತೆಗೆ ಹೇಳುತ್ತಾರೆ. ವಿವರಣೆಯನ್ನು ಎರಡನೇ ಸಲ ಶುರು ಮಾಡಿದಿರೋ, ಕೈ ಎತ್ತಿ ಗಡಿಯಾರ ನೋಡುತ್ತಾರೆ.

ನಿಮಗೆ ಸಿಕ್ಕಿರುವ ಕೀರ್ತನೆಯೇ ಕಿವಿಗಾಗಿ ಕಟ್ಟಿದ್ದು. 4ನೇ ವಚನದಿಂದ 32ರ ತನಕ ನಾಲ್ಕು ಚಿತ್ರಗಳಿವೆ. ಅರಣ್ಯದಲ್ಲಿ ದಾರಿ ತಪ್ಪಿ ಹಸಿದವರು, ಕತ್ತಲಲ್ಲಿ ಬೇಡಿ ಬಿದ್ದ ಸೆರೆಯವರು, ಊಟ ಕಂಡರೆ ಓಕರಿಸುವ ರೋಗಿಗಳು, ಬಿರುಗಾಳಿಗೆ ಸಿಕ್ಕ ಹಡಗಿನವರು. ನಾಲ್ಕರಲ್ಲೂ ಕಷ್ಟದಲ್ಲಿ ಮೊರೆಯಿಟ್ಟರು ಅನ್ನುವ ಸಾಲು ಬರುತ್ತದೆ: 6, 13, 19, 28. ಆಮೇಲೆ ಸ್ತೋತ್ರ ಮಾಡಲಿ ಅನ್ನುವ ಇನ್ನೊಂದು ಸಾಲು: 8, 15, 21, 31. ಎರಡನ್ನೂ ಹೇಳಿಸಲು ಹೋಗಬೇಡಿ, ಜನ ಗೊಂದಲಕ್ಕೆ ಬೀಳುತ್ತಾರೆ. ಒಂದೇ ಹಿಡಿಯಿರಿ. 33ರಿಂದ 43ರ ತನಕ ಧಾಟಿಯೇ ಬೇರೆ, ಪಲ್ಲವಿ ಇಲ್ಲ. ಅದನ್ನು ಇನ್ನೊಂದು ಭಾನುವಾರಕ್ಕೆ ಬಿಡಿ.

ಪಲ್ಲವಿ ಒಂದೇ ಉಸಿರಿನಲ್ಲಿ ಮುಗಿಯಬೇಕು. ನಾನೊಮ್ಮೆ ಪುಸ್ತಕದ ಸಾಲನ್ನೇ ಪೂರ್ತಿ ಹೇಳಿಸಲು ಹೋಗಿದ್ದೆ. ಮುಂದಿನ ಸಾಲಿನವರು, ಅಂದರೆ ಪುಸ್ತಕ ಹಿಡಿದವರು, ಹೇಳಿದರು. ಹಿಂದಿನಿಂದ ಬರೀ ಗುಂಯ್ ಅನ್ನುವ ಸದ್ದು. ಆಮೇಲೆ ಒಡೆದು ಎರಡು ತುಂಡು ಮಾಡಿದೆ. ನಾನು “ಕಷ್ಟದಲ್ಲಿ ಕೂಗಿದರು” ಅನ್ನುತ್ತೇನೆ, ಅವರು “ಆತ ಕೈ ಬಿಡಲಿಲ್ಲ” ಅನ್ನುತ್ತಾರೆ. ನನ್ನ ತುಂಡು ಒಂದಕ್ಷರವೂ ಬದಲಾಗಬಾರದು. ನಾಲ್ಕನೇ ಸಲ ಸ್ವಲ್ಪ ಚೆಂದ ಮಾಡೋಣ ಅಂತ “ಆ ಸಂಕಟದಲ್ಲಿ ಅವರು ಮೊರೆಯಿಟ್ಟಾಗ” ಅಂದಿರೋ, ಯಾರೂ ಬಾಯಿ ತೆರೆಯುವುದಿಲ್ಲ. ಅವರು ಕಾಯುತ್ತಿರುವುದು ಆ ಸದ್ದಿಗೆ, ಅರ್ಥಕ್ಕಲ್ಲ.

ಕಲಿಸುವಾಗ “ಈಗ ನಾನು ಹೀಗೆ ಅಂದರೆ ನೀವು ಹಾಗೆ ಅನ್ನಿ” ಅಂತ ಪಾಠ ಮಾಡಬೇಡಿ. ಮೊದಲನೇ ಚಿತ್ರದ ಕೊನೆಗೆ ಎರಡೂ ತುಂಡು ನೀವೇ ಎರಡು ಸಲ ಹೇಳಿ. ಎರಡನೇ ಚಿತ್ರದಲ್ಲಿ ಅರ್ಧಕ್ಕೆ ನಿಲ್ಲಿಸಿ, ಸುಮ್ನೆ ಕೈ ಮುಂದೆ ಮಾಡಿ. ಮನಸ್ಸಲ್ಲಿ ಮೂರು ಎಣಿಸುವಷ್ಟು ಕಾಯಿರಿ. ಆ ಮೌನ ತಡೆಯಲಾಗದೆ ಹೊಸ ಪ್ರಸಂಗಿಗಳು ತಾವೇ ಹೇಳಿಬಿಡುತ್ತಾರೆ, ಅಲ್ಲಿಗೆ ಕೆಟ್ಟಿತು. ಕಾದರೆ ಯಾರಾದರೂ ಒಬ್ಬ ಅಜ್ಜಿ ಹೇಳಿಯೇ ಹೇಳುತ್ತಾಳೆ. ಮೂರನೇ ಸಲಕ್ಕೆ ಎಲ್ಲರೂ.

ಇನ್ನು ಚಿತ್ರ. ಒಂದೊಂದಕ್ಕೆ ಒಂದೇ ವಸ್ತು, ಅದೂ ದಿನಾ ಕೈಯಲ್ಲಿ ಹಿಡಿಯುವಂಥದ್ದು. ನಾನು ಖಾಲಿ ತಂಬಿಗೆ, ಕಬ್ಬಿಣದ ಚಿಲಕ, ಪಕ್ಕಕ್ಕೆ ತಳ್ಳಿದ ಗಂಜಿ ತಟ್ಟೆ, ದೋಣಿ ಅಂತ ಇಟ್ಟುಕೊಂಡಿದ್ದೆ. ಬೆರಳು ಮಡಚುತ್ತಾ ಹೋಗುವುದು. ಓದುವವನಿಗೆ ಪುಟದ ನಂಬರ್ ಹೇಗೋ, ಇವರಿಗೆ ತಂಬಿಗೆ ಹಾಗೆ. ಚಿಲಕ ನಾನು ಹುಟ್ಟಿಸಿದ್ದಲ್ಲ, ಕಬ್ಬಿಣದ ಅಗುಳಿ ಮುರಿದ ಮಾತು 16ನೇ ವಚನದಲ್ಲೇ ಇದೆ. ಗಂಜಿ 18ರಿಂದ ಬಂದದ್ದು. ಮೇಷ್ಟ್ರು ಹುಡುಕಿ ನೋಡಿದರೂ ಸಿಗಬೇಕು.

ಚಿತ್ರ ತೀರಾ ಬಣ್ಣದ್ದಾದರೂ ಕಷ್ಟ. ದಾರಿ ತಪ್ಪಿದವರ ಜಾಗದಲ್ಲಿ ಒಮ್ಮೆ ಬಣವೆಯಲ್ಲಿ ಹಾವು ಕಂಡ ನನ್ನ ಕಥೆ ಹೇಳಿದೆ. ಬುಧವಾರ ನಲ್ಲಿ ಹತ್ತಿರ ಸಿಕ್ಕವರೆಲ್ಲ ಹಾವು ಎಷ್ಟುದ್ದ ಇತ್ತು ಅಂತ ಕೇಳಿದರು. ಕೂಗಿದ್ದು, ಕೈ ಬಿಡದ್ದು ಯಾರಿಗೂ ನೆನಪಿಲ್ಲ.

ಹರಿಕಥೆ ಮಾಡುವವರು: ನಿಮ್ಮ ಸಭೆಯ ವಿಷಯ ನನಗೆ ಗೊತ್ತಿಲ್ಲ. ಆದರೆ ಕಾಯುವ ಮಾತು ಓದಿ ನಗು ಬಂತು, ನಮ್ಮಲ್ಲೂ ಅದೇ. ತಾಳದ ಕೈ ನಿಂತ ಕೂಡಲೇ ಜನಕ್ಕೆ ತಮ್ಮ ಸರದಿ ಅಂತ ಗೊತ್ತಾಗುತ್ತದೆ. ದಾಸರ ಪದದಲ್ಲಿ ಚರಣ ಮುಗಿದು ಪಲ್ಲವಿಗೆ ಬರುವಾಗ ಯಾರಿಗೂ ಹೇಳಿಕೊಡಬೇಕಿಲ್ಲ, ರಾಗವೇ ಎಳೆದು ತರುತ್ತದೆ. ನೀವು ಮಾತಾಡುವಾಗಲೂ ಆ ಸಾಲಿಗೆ ಒಂದೇ ಏರಿಳಿತ ಇಟ್ಟುಕೊಳ್ಳಿ. ನಿಮ್ಮ ಅಜ್ಜಿಯರಲ್ಲಿ ಸೋಬಾನೆ ಹೇಳುವವರು ಖಂಡಿತ ಇರುತ್ತಾರೆ. ಒಬ್ಬಳು ಸಾಲು ಎತ್ತುತ್ತಾಳೆ, ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ, ಅಷ್ಟರಲ್ಲಿ ಮೊದಲನೆಯವಳಿಗೆ ಮುಂದಿನ ಸಾಲು ನೆನಪಾಗುತ್ತದೆ. ಅಂಥವರಲ್ಲಿ ಇಬ್ಬರಿಗೆ ಶನಿವಾರವೇ ಪಲ್ಲವಿ ಹೇಳಿಕೊಟ್ಟು ಹಿಂದಿನ ಸಾಲಿನಲ್ಲಿ ಕೂರಿಸಿ. ನಮ್ಮ ಹಿಮ್ಮೇಳ ಇದ್ದಂತೆ.

ಹಳೇ ಉಪದೇಶಿ: ಇದು ನನಗೆ ಹೊಳೆದಿರಲಿಲ್ಲ. ನಾನು ಯಾವಾಗಲೂ ಮುಂದಿನವರನ್ನೇ ನೆಚ್ಚಿಕೊಂಡಿದ್ದೆ.

ಸೆಮಿನರಿ ವಿದ್ಯಾರ್ಥಿ: ಇದು ತುಂಬಾ ಹಳೆಯ ತೊಂದರೆ. ಆಗಸ್ಟೀನ್ ಇನ್ನೂ ಬಿಷಪ್ ಆಗುವ ಮೊದಲು, 393ರ ಸುಮಾರಿಗೆ, ಉತ್ತರ ಆಫ್ರಿಕಾದ ಹಿಪ್ಪೋದಲ್ಲಿ, ಸಭೆಯಿಂದ ಒಡೆದು ಬೇರೆಯಾಗಿದ್ದ ಡೊನಾಟಿಸ್ಟ್ ಪಂಗಡದವರ ವಿರುದ್ಧ ಒಂದು ಹಾಡು ಕಟ್ಟಿದರು. ನುಡಿಗಳ ಮೊದಲ ಅಕ್ಷರಗಳು ಲ್ಯಾಟಿನ್ ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತವೆ, ನುಡಿ ನುಡಿಗೂ ಜನ ಹೇಳುವ ಒಂದೇ ಪಲ್ಲವಿ. ಯಾಕೆ ಕಟ್ಟಿದೆ ಅಂತ ಮುಂದೆ ಅವರೇ ಬರೆದಿದ್ದಾರೆ: ಓದು ಬಾರದ ಸಾಮಾನ್ಯ ಜನಕ್ಕೂ ಮುಟ್ಟಬೇಕು, ನೆನಪಲ್ಲಿ ಉಳಿಯಬೇಕು. ಶಾಸ್ತ್ರೀಯ ಛಂದಸ್ಸನ್ನೂ ಬೇಕೆಂದೇ ಬಿಟ್ಟರು. ಛಂದಸ್ಸಿಗಾಗಿ ಜನ ಬಳಸದ ಪದ ನುಗ್ಗಿಬಿಡುತ್ತದೆ ಅಂತ. (ಅಕ್ಷರವೇ ಬಾರದವರಿಗೆ ಅಕ್ಷರಮಾಲೆಯ ಕ್ರಮ ಯಾಕೆ ಅಂತ ನನಗೂ ಡೌಟು. ಹಾಡುವವನ ನೆನಪಿಗೆ ಇರಬೇಕು.)

ಅವರದೇ ಇನ್ನೊಂದು ಮಾತು ನಿಮಗೆ ಜಾಸ್ತಿ ಉಪಯೋಗ. ಸಭೆಯಲ್ಲಿ ಜನ ಎದ್ದು ಪ್ರಶ್ನೆ ಕೇಳುವಂತಿಲ್ಲ, ಹಾಗಾಗಿ ಅವರ ಚಲನೆ ನೋಡಿಯೇ ಅರ್ಥವಾಯಿತೋ ಇಲ್ಲವೋ ತಿಳಿಯಬೇಕು. ಆಗುವ ತನಕ ಅದನ್ನೇ ಬೇರೆ ಬೇರೆ ರೀತಿ ತಿರುಗಿಸಿ ಹೇಳಬೇಕು, ಆಯಿತು ಅಂತ ಕಂಡ ಕೂಡಲೇ ಮುಂದೆ ಹೋಗಬೇಕು. ಬಾಯಿಪಾಠ ಮಾಡಿಕೊಂಡು ಬಂದವನಿಗೆ ಇದು ಆಗುವುದಿಲ್ಲ ಅಂತಲೂ ಹೇಳುತ್ತಾರೆ. ನಾನು ಬರೆದದ್ದನ್ನೇ ಓದುವವನು, ಆ ಮಾತು ನನಗೇ ಹೇಳಿದ ಹಾಗಿತ್ತು.

ಕೇಳಿದವರು: ಹಾಗಾದರೆ ಓದುವವರನ್ನು ಏನು ಮಾಡಲಿ? “ಪುಸ್ತಕ ತೆರೆಯಿರಿ” ಅಂದಾಗ ಕೆಲವರು ಸುಮ್ನೆ ಪುಟ ತಿರುವಿ ಹುಡುಕಿದ ಹಾಗೆ ಮಾಡುತ್ತಾರೆ. ನೋಡಲು ಕಷ್ಟವಾಗುತ್ತದೆ.

ಹಳೇ ಉಪದೇಶಿ: ತೆರೆಯಿರಿ ಅನ್ನಲೇಬೇಡಿ. ಕಾಲೇಜು ಮಕ್ಕಳಲ್ಲಿ ಒಬ್ಬರನ್ನು ಎಬ್ಬಿಸಿ ಓದಿಸಿ. ಅವಳು 4, 5 ಓದುತ್ತಾಳೆ, ನೀವು ತಂಬಿಗೆ ತೋರಿಸುತ್ತೀರಿ, ಆಮೇಲೆ ಪಲ್ಲವಿ. ಮತ್ತೆ ಅವಳು 10ರಿಂದ. ಓದುವವರಿಗೆ ಕೆಲಸ ಸಿಕ್ಕಿತು, ಕೇಳುವವರಿಗೆ ವಚನ ಸಿಕ್ಕಿತು. ಶನಿವಾರ ಒಮ್ಮೆ ಗಟ್ಟಿಯಾಗಿ ಓದಿಸಿ ನೋಡಿ. ತಡವರಿಸಿದರೆ ಎಳೆ ಅಲ್ಲೇ ಕಡಿಯುತ್ತದೆ.

ಮುಟ್ಟಿತೋ ಇಲ್ಲವೋ ನೋಡಲು ವಾರದ ನಡುವೆ ಸಿಕ್ಕವರನ್ನು “ಪ್ರಸಂಗ ಅರ್ಥವಾಯಿತಾ” ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. “ತಂಬಿಗೆ ಆದ ಮೇಲೆ ಯಾವುದು ಬಂತಮ್ಮಾ?” ಅಂತ ಕೇಳಿ.

ಸಭೆಯ ಹಿಂದಿನ ಸಾಲಿನಿಂದ: ನಾನು ಪ್ರಸಂಗ ಮಾಡುವವಳಲ್ಲ, ಕೇಳುವವಳು. ನನ್ನ ಗಂಡ ಎಂಟು ತಿಂಗಳು ಹಾಸಿಗೆ ಹಿಡಿದು ತೀರಿಕೊಂಡರು. ಗಂಜಿ ತಟ್ಟೆ ತಳ್ಳುವುದು ನನಗೆ ಚಿತ್ರ ಅಲ್ಲ. ಹೀಗೇ ಒಂದು ಪ್ರಸಂಗದಲ್ಲಿ ಎಲ್ಲರೂ “ಆತ ಗುಣಪಡಿಸಿದ” ಅಂತ ಕೂಗಿ ಹೇಳುವಾಗ ನಾನೊಬ್ಬಳು ಬಾಯಿ ಮುಚ್ಚಿ ಕೂತಿದ್ದೆ. ಪ್ರಸಂಗದ ಮಾತಾದರೆ “ಆದರೆ” ಅಂತ ಒಂದು ಸೇರಿಸಬಹುದು. ಪಲ್ಲವಿಯಲ್ಲಿ ಎಲ್ಲಿ ಸೇರಿಸುತ್ತೀರಿ?

ಸೆಮಿನರಿ ವಿದ್ಯಾರ್ಥಿ: “ಕೈ ಬಿಡಲಿಲ್ಲ” ಅಂದರೆ ಗುಣವಾಯಿತು ಅಂತಲೇ ಆಗಬೇಕಿಲ್ಲವಲ್ಲ ಅಕ್ಕ. ಆದರೆ ಮೇಷ್ಟ್ರು ಪುಸ್ತಕ ನೋಡಿದರೆ ಅಲ್ಲಿ ಬಿಡಿಸಿದ, ತಪ್ಪಿಸಿದ ಅನ್ನುವ ಅರ್ಥವೇ ಇದೆ. ಮೆತ್ತಗೆ ಮಾಡಿದ್ದೀರಿ ಅಂತ ಅವರು ಕೇಳಿದರೆ ಅದೂ ಸರಿಯೇ.

ಹಳೇ ಉಪದೇಶಿ: ಅಮ್ಮಾ, ನನ್ನ ಹತ್ತಿರ ಇದಕ್ಕೆ ಉತ್ತರ ಇಲ್ಲ. ಮೂರನೇ ಚಿತ್ರದಲ್ಲಿ ನಾನು ದನಿ ಇಳಿಸುತ್ತೇನೆ, ಕೈ ಮುಂದೆ ಮಾಡುವುದಿಲ್ಲ. ಹೇಳುವವರು ಹೇಳಲಿ ಅಂತ.

ಕೇಳಿದವರು (ಐದು ವಾರದ ನಂತರ): ಮಾಡಿದೆ. ಹಿಂದಿನ ಸಾಲಿನಲ್ಲಿ ಇಬ್ಬರು ಸೋಬಾನೆ ಅಜ್ಜಿಯರನ್ನು ಕೂರಿಸಿದ್ದು ಚೆನ್ನಾಗಿ ಕೆಲಸ ಮಾಡಿತು, ಎರಡನೇ ಚಿತ್ರಕ್ಕೇ ಉತ್ತರ ಬಂತು. ಹಡಗು ನೋಡಿದವರು ಯಾರೂ ಇಲ್ಲ ಅಂತ ತುಂಗಭದ್ರೆಯ ಹರಿಗೋಲು ತಂದೆ. ಕುಡಿದವರ ಹಾಗೆ ತೂರಾಡಿದರು ಅನ್ನುವ 27ನೇ ವಚನಕ್ಕೆ ಸುತ್ತುವ ಹರಿಗೋಲು ಸರಿಯಾಗಿ ಕೂತಿತು. ಆದರೆ ಬುಧವಾರ ಕೇಳಿದರೆ ಹಡಗೂ ಇಲ್ಲ ಸಮುದ್ರವೂ ಇಲ್ಲ, ಆನೆಗೊಂದಿ ಹತ್ತಿರ ಯಾರೋ ಹೊಳೆ ದಾಟುವಾಗ ಉಳಿದುಕೊಂಡರು ಅಂತ ಆಗಿದೆ! ಮೇಷ್ಟ್ರೊಬ್ಬರು ಇದೇ ವಿಷಯಕ್ಕೆ ನನ್ನ ಹತ್ತಿರ ಅರ್ಧ ಗಂಟೆ ಮಾತಾಡಿದರು. ಗಡಿಯಾರ ನೋಡಲಿಲ್ಲ.

ಮೂರನೇ ಚಿತ್ರದಲ್ಲಿ ನಾನೂ ಕೈ ಮುಂದೆ ಮಾಡಲಿಲ್ಲ. ಸುಮಾರು ಜನ ಹೇಳಿದರು. ಯಾರು ಹೇಳಲಿಲ್ಲ ಅಂತ ನಾನು ನೋಡಲು ಹೋಗಲಿಲ್ಲ.