ಅಪ್‌ಡೇಟ್: ನಾಮಕರಣದ ಊಟ, ಅಡುಗೆಯವರ ಸಾಮಾನು ಚೀಟಿ

ನನ್ನ ಪ್ರಶ್ನೆ: "ಕಡಲೆಬೀಜ ಅಲರ್ಜಿ ಇರುವ ನೆಂಟರಿಗೆ ಊಟದ ನಡುವೆ ದದ್ದು ಎದ್ದು ಉಸಿರು ಕಟ್ಟಿತು. ಕೇಟರಿಂಗ್‌ನವರು ಕಡಲೆಬೀಜ ಹಾಕೇ ಇಲ್ಲ ಅಂತಾರೆ. ಏನು ಕೇಳಲಿ?"

ನೀವು ಹೇಳಿದಂತೆ ಮೆನು ಬಿಟ್ಟು, ಸಾಮಾನು ಚೀಟಿ ಮತ್ತು ಅಂಗಡಿ ಬಿಲ್ ಕೇಳಿದೆ. ಚೀಟಿಯಲ್ಲಿ ಸಾಗುವಿಗೆ ಗೋಡಂಬಿ 2 ಕೆಜಿ. ಬಿಲ್‌ನಲ್ಲಿ ಗೋಡಂಬಿ 1 ಕೆಜಿ, ಕಡಲೆಬೀಜ 1 ಕೆಜಿ! ಭಟ್ಟರನ್ನು ಕೇಳಿದರೆ, ಗೋಡಂಬಿ ಸಾಲದೆ ಕಡಲೆಬೀಜವನ್ನೂ ಸೇರಿಸಿ ರುಬ್ಬಿದ್ದರಂತೆ. ರುಬ್ಬಿದ ಮೇಲೆ ನೋಡಿದರೆ ಯಾರಿಗೆ ಗೊತ್ತಾಗುತ್ತೆ, ಅಲ್ವಾ? ಬಡಿಸುವ ಹುಡುಗ "ಕಡಲೆಬೀಜ ಇಲ್ಲ ಸಾರ್" ಅಂದದ್ದು ಚೀಟಿ ನಂಬಿ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಮಾಲೀಕರು ಆಸ್ಪತ್ರೆ ಖರ್ಚು ಕೊಟ್ಟರು. ಇನ್ಮೇಲೆ ಸಾಮಾನು ಬದಲಾದರೆ ಚೀಟಿಯಲ್ಲೇ ತಿದ್ದಿ, ಬಡಿಸುವವರಿಗೂ ತಿಳಿಸುತ್ತೇವೆ ಅಂತ ಬರೆದುಕೊಟ್ಟಿದ್ದಾರೆ. ನೆಂಟರು ಆರಾಮಾಗಿದ್ದಾರೆ. ಅವತ್ತು ತೊಡೆಗೆ ಅಡ್ರಿನಲಿನ್ ಚುಚ್ಚಿ, ಮತ್ತೆ ಶುರುವಾಗಬಹುದು ಅಂತ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದರು.