ಸಹಾಯ ಬೇಕು: ಪೋರ್ಟಲ್ ತೋರಿಸುವ 82ನ್ನು ನಂಬಿ ಅಂತಿಮ ಪರೀಕ್ಷೆಯ ಗುರಿ ಇಡಬಹುದೇ?

ಮಾನ್ಯರೇ, ನನ್ನ ತಂಗಿಯ ಕೋರ್ಸಿನಲ್ಲಿ ಆಂತರಿಕ ಅಂಕಗಳಿಗೆ ಶೇ. 80, ಅಂತಿಮ ಪರೀಕ್ಷೆಗೆ ಶೇ. 20 ಪಾಲಿದ್ದು, ಒಟ್ಟು 80 ಬಂದರೆ ಮೇಲಿನ ಗ್ರೇಡ್ ಸಿಗುತ್ತದೆ. ಪೋರ್ಟಲ್ ತೋರಿಸುವ ಆಂತರಿಕ ಸರಾಸರಿ 82, ಅದರಂತೆ (80 − 0.8 × 82) ÷ 0.2, ಅಂದರೆ ನೂರಕ್ಕೆ 72 ಸಾಕು. ಆದರೆ ಈ 82 ಹತ್ತಿರದ ಪೂರ್ಣಸಂಖ್ಯೆಗೆ ತಂದದ್ದಾದ್ದರಿಂದ ನಿಜವಾದ ಸರಾಸರಿ 81.5 ಕೂಡ ಇರಬಹುದು. ಆಗ 74 ಬೇಕಾಗುತ್ತದೆ, ಏಕೆಂದರೆ ಅಲ್ಲಿ ಅಡಗಿದ ಅರ್ಧ ಅಂಕ ಪರೀಕ್ಷೆಯ ಲೆಕ್ಕದಲ್ಲಿ ನಾಲ್ಕು ಪಟ್ಟಾಗುತ್ತದೆ. 72 ಮಾತ್ರ ಗಳಿಸಿದರೆ ಒಟ್ಟು 79.6ಕ್ಕೆ ನಿಲ್ಲುತ್ತದೆ, ಅದನ್ನು 80 ಎಂದು ಏರಿಸುವ ಭರವಸೆ ನಿಯಮಾವಳಿಯಲ್ಲಿಲ್ಲ. ಕಿರುಪರೀಕ್ಷೆ, ಪ್ರಯೋಗಾಲಯಗಳ ಬಿಡಿ ಅಂಕಗಳಿಂದ ಸರಾಸರಿಯನ್ನು ನಾವೇ ಲೆಕ್ಕಹಾಕಬಹುದು; ಆದರೆ ಪ್ರತಿ ವಿಭಾಗದ ಮೊತ್ತವನ್ನೂ ಪೋರ್ಟಲ್ ಮೊದಲೇ ಪೂರ್ಣಸಂಖ್ಯೆಗೆ ತಂದಿದೆಯೇ ಎಂಬುದನ್ನು ಪತ್ತೆಹಚ್ಚುವುದು ಹೇಗೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.