ಅಪ್‌ಡೇಟ್: ಡಕ್ಟ್ ಶಬ್ದ ಹೋಯಿತು, ತಪ್ಪು ನನ್ನ ಲೆಕ್ಕದಲ್ಲೇ ಇತ್ತು

ನನ್ನ ಪ್ರಶ್ನೆ: "ಮಲಗುವ ಕೋಣೆಗೆ ಗಂಟೆಗೆ 340 ಘನ ಮೀಟರ್ ಗಾಳಿ ಬೇಕು. 150 ಮಿಮೀ ಡಕ್ಟ್ ಹಾಕಿದ್ದೇನೆ, ಫ್ರಿಕ್ಷನ್ ಲೆಕ್ಕವೂ ಸರಿಯಿದೆ. ಆದರೂ ರಾತ್ರಿಯೆಲ್ಲ ಭುಸುಗುಟ್ಟುತ್ತದೆ, ಯಾಕೆ?"

ಮೊದಲು ಗ್ರಿಲ್ ಬಿಚ್ಚಿಟ್ಟು ಕೇಳಿದೆ. ಶಬ್ದ ಹಾಗೇ ಇತ್ತು, ಅಂದರೆ ಅದು ಡಕ್ಟಿನೊಳಗಿನದೇ. (ಹೊಸ ಗ್ರಿಲ್ ಕೊಳ್ಳುವ ಮೊದಲೇ ಇದನ್ನು ಮಾಡಬೇಕಿತ್ತು!)

ಆಮೇಲೆ ಲೆಕ್ಕ ತೆಗೆದು ನೋಡಿದೆ. ಫ್ಯಾನಿನ ಒತ್ತಡದಲ್ಲಿ ಫಿಲ್ಟರ್, ಕಾಯಿಲ್, ಗ್ರಿಲ್‌ಗಳ ಪಾಲು ಕಳೆದರೆ ಡಕ್ಟಿಗೆ ಉಳಿಯುವುದು 30 ಪ್ಯಾಸ್ಕಲ್. ನಾನು ಅದನ್ನು ನೇರ ಉದ್ದ 12 ಮೀಟರಿನಿಂದ ಮಾತ್ರ ಭಾಗಿಸಿದ್ದೆ. ಮೀಟರಿಗೆ 2.5 ಪ್ಯಾಸ್ಕಲ್ ಬಂತು, 150 ಮಿಮೀ ಡಕ್ಟ್ ತಿನ್ನುವುದು ಸುಮಾರು 2.4, ಹಾಗಾಗಿ ಸರಿ ಅನ್ನಿಸಿತ್ತು. ಆದರೆ ಬೆಂಡು, ಮುಖ್ಯ ಡಕ್ಟಿನಿಂದ ಕವಲೊಡೆಯುವ ಟೇಕಾಫ್‌ಗಳು ಸೇರಿ ಇನ್ನೂ 28 ಮೀಟರಿಗೆ ಸಮ. ಒಟ್ಟು 40 ಮೀಟರಿಗೆ ಹಂಚಿದರೆ ಸಿಗುವುದು ಬರೀ 0.75.

ಗಾಳಿಯ ವೇಗವನ್ನಂತೂ ನೋಡಿರಲೇ ಇಲ್ಲ. ಆ ಡಕ್ಟಿನಲ್ಲಿ ಅದು ಸೆಕೆಂಡಿಗೆ 5.3 ಮೀಟರ್, ಮಲಗುವ ಕೋಣೆಯ ಕವಲಿಗೆ ತೀರಾ ಜಾಸ್ತಿ. 200 ಮಿಮೀಗೆ ಬದಲಿಸಿದ ಮೇಲೆ ವೇಗ 3 ಮೀಟರಿಗೆ, ಫ್ರಿಕ್ಷನ್ ಮೀಟರಿಗೆ ಸುಮಾರು 0.6 ಪ್ಯಾಸ್ಕಲ್‌ಗೆ ಇಳಿಯಿತು. 180 ಸಾಕೇನೋ ಎಂದು ನೋಡಿದೆ, ಅದು 1ರ ಹತ್ತಿರ ಬರುತ್ತದೆ, ಸಾಲದು.

ಅದಾದ ಮೇಲೂ ಸಣ್ಣ ಸಿಳ್ಳೆ ಉಳಿದಿತ್ತು. ಗ್ರಿಲ್ಲಿನ ಬೆನ್ನಿಗೇ ಇದ್ದ, ಅರ್ಧ ಮುಚ್ಚಿದ ಡ್ಯಾಂಪರ್‌ನದು ಅದು. ಡ್ಯಾಂಪರನ್ನು ಟೇಕಾಫ್ ಬಳಿಗೆ ಸರಿಸಿದೆ. ಈಗ ಯೂನಿಟ್ ಓಡುತ್ತಿದೆಯೋ ಇಲ್ಲವೋ ಎಂದು ಗ್ರಿಲ್ ಮುಂದೆ ಕೈ ಹಿಡಿದು ನೋಡಬೇಕು.